600 ಮೀಟರ್ ಓಟವೋ, ಬೀಪ್ ಓಟವೋ: ಏಳನೇ ತರಗತಿಯ ಫಿಟ್ನೆಸ್ ಪಾಠಕ್ಕೆ ನಾನು ಆರಿಸಿದ್ದು

ಏಳನೇ ತರಗತಿಗೆ ಎಂಟು ವಾರದ ಫಿಟ್ನೆಸ್ ಪಾಠ ಸಿದ್ಧ ಮಾಡುವಾಗ ಮಕ್ಕಳ ದಮ್ಮು ಅಳೆಯಲು ಎರಡು ಪರೀಕ್ಷೆ ಮಾಡಿಸಿ ನೋಡಿದೆ. ಒಂದು, ಶಾಲಾ ಮಕ್ಕಳ ಫಿಟ್ನೆಸ್ ಅಳೆಯುವ ಖೇಲೋ ಇಂಡಿಯಾ ಪಟ್ಟಿಯಲ್ಲಿರುವ 600 ಮೀಟರ್ ಓಟ. ಇನ್ನೊಂದು, 20 ಮೀಟರ್ ಬೀಪ್ ಓಟ. ಪಾಠಕ್ಕೆ ನನ್ನ ಓಟು ಬೀಪ್ ಓಟಕ್ಕೇ.

600 ಮೀಟರ್‌ನಲ್ಲಿ ಮಕ್ಕಳು ಸೀಟಿ ಊದಿದ ಕೂಡಲೇ ಬಿದ್ದಂಬೀಳ ಓಡುತ್ತಾರೆ. ಅರ್ಧಕ್ಕೆ ಬರುವಷ್ಟರಲ್ಲಿ ಏದುಸಿರು, ಆಮೇಲೆ ನಡಿಗೆ. ಎರಡೂವರೆ, ಮೂರು ನಿಮಿಷದಲ್ಲಿ ಮುಗಿಯುವ ಓಟ ಇದು. ಇಷ್ಟು ಚಿಕ್ಕ ಓಟದಲ್ಲಿ ದಮ್ಮಿನ ಜೊತೆ ವೇಗವೂ ಸೇರಿಕೊಳ್ಳುತ್ತದೆ. ಅಮೆರಿಕದ ಶಾಲೆಗಳಲ್ಲೂ ಮೊದಲು 600 ಗಜದ ಓಟವಿತ್ತು. 1980ರಲ್ಲಿ ಆರೋಗ್ಯಕ್ಕೆ ಸಂಬಂಧಿಸಿದ ಪರೀಕ್ಷೆಗಳನ್ನು ಬೇರೆ ಮಾಡಿದಾಗ, ಅಲ್ಲಿ ಒಂದು ಮೈಲಿ ಅಥವಾ 9 ನಿಮಿಷದ ಓಟ ಇಟ್ಟರು.

ನಮ್ಮ ಮೈದಾನ ಚಿಕ್ಕದು, 600 ಮೀಟರ್ ಆಗಬೇಕಾದರೆ ಸುತ್ತಿದ್ದೇ ಸುತ್ತು. ಯಾರದು ಎಷ್ಟನೇ ಸುತ್ತು ಅನ್ನುವುದೇ ಗಲಾಟೆ. ಕೊನೆಗೆ ಉಳಿದ ಮಗು ಒಂದೇ ನಡೆಯುತ್ತಿರುತ್ತದೆ, ಇಡೀ ತರಗತಿ ನಿಂತು ನೋಡುತ್ತಿರುತ್ತದೆ. ಇದು ನನಗೆ ಸುತರಾಂ ಇಷ್ಟವಿಲ್ಲ.

ಬೀಪ್ ಓಟದಲ್ಲಿ 20 ಮೀಟರ್ ದೂರಕ್ಕೆ ಸುಣ್ಣದ ಪುಡಿಯಲ್ಲಿ ಎರಡು ಗೆರೆ ಹಾಕಿದರೆ ಆಯ್ತು. ಬೀಪ್ ಬರುವುದರೊಳಗೆ ಆ ಗೆರೆ ಮುಟ್ಟಬೇಕು, ಮತ್ತೆ ತಿರುಗಬೇಕು. ನಿಮಿಷಕ್ಕೊಮ್ಮೆ ವೇಗ ಏರುತ್ತದೆ. ಒಮ್ಮೆ ತಪ್ಪಿದರೆ ಅಲ್ಲಿಂದಲೇ ತಿರುಗಿ ಓಡಬಹುದು, ಎರಡನೇ ಸಲ ತಪ್ಪಿದರೆ ಹೊರಗೆ. ಆರಂಭ ನಿಧಾನವಿರುವುದರಿಂದ ಬಿದ್ದಂಬೀಳ ಓಡುವ ಚಾಳಿ ತಾನಾಗಿಯೇ ನಿಲ್ಲುತ್ತದೆ. ಕಡಿಮೆ ದಮ್ಮಿನವರು ಮೊದಲು ಹೊರಬಂದು ಜೊತೆಗಾರರು ಎಷ್ಟು ಸಲ 20 ಮೀಟರ್ ಓಡಿದರು ಅನ್ನುವ ಎಣಿಕೆ ಬರೆಯಲು ಕೂರುತ್ತಾರೆ. ಒಂಟಿಯಾಗಿ ಉಳಿಯುವುದು ಚೆನ್ನಾಗಿ ಓಡುವವರು, ಅವರಿಗೆ ಚಪ್ಪಾಳೆ ಸಿಗುತ್ತದೆ.

ಆದರೆ ಒಂದು ಕಿರಿಕಿರಿ ಇದೆ, ಆಡಿಯೊದ್ದು. ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಬರುವ ಫೈಲಿನಲ್ಲಿ ಅಳತೆ ಬರೆದಿರುವುದೇ ಇಲ್ಲ. ಚಿಕ್ಕ ಜಾಗಕ್ಕೆಂದೇ 15 ಮೀಟರಿನ ಆಡಿಯೊ ಬೇರೆ ಇದೆ. ಅದನ್ನು 20 ಮೀಟರ್ ಗೆರೆಗೆ ಹಾಕಿದರೆ ಮಕ್ಕಳ ಗತಿ ಮುಗಿಯಿತು! ಒಂದು ಸಲ ಹೀಗೇ ಆಯಿತು. ಮೊದಲ ನಿಮಿಷದಲ್ಲೇ ಸಾಲುಸಾಲಾಗಿ ಹೊರಬಂದರು, ಕಬಡ್ಡಿ ಆಡುವ ಗಟ್ಟಿ ಹುಡುಗರೂ ಸೇರಿ. ಅಷ್ಟು ಜನ ಒಟ್ಟಿಗೆ ಸೋತರೆ ದೋಷ ಮಕ್ಕಳದ್ದಲ್ಲ ಅಂತ ಗೊತ್ತಾಗುತ್ತದೆ.

ಲೆಕ್ಕ ಹಾಕಿ ನೋಡಿ. ಮೊದಲ ಹಂತದ ವೇಗ ಗಂಟೆಗೆ 8 ಕಿ.ಮೀ. ಇರುವ ಆಡಿಯೊದಲ್ಲಿ 20 ಮೀಟರಿಗೆ 9 ಸೆಕೆಂಡ್ ಬೇಕು, 15 ಮೀಟರಿಗೆ 6.75 ಸೆಕೆಂಡ್ ಸಾಕು. 6.75 ಸೆಕೆಂಡಿನಲ್ಲಿ 20 ಮೀಟರ್ ಓಡು ಅಂದರೆ ಗಂಟೆಗೆ 10.7 ಕಿ.ಮೀ. ವೇಗ ಆಯಿತು. ಅಂದರೆ ಮಗುವನ್ನು ನೇರವಾಗಿ ಐದನೇ ನಿಮಿಷದ ವೇಗಕ್ಕೆ ತಳ್ಳಿದ ಹಾಗೆ. ಹಾಗಾಗಿ ಮೊದಲ ಎರಡು ಬೀಪ್‌ಗಳ ನಡುವಿನ ಸಮಯ ಸ್ಟಾಪ್‌ವಾಚಿನಲ್ಲಿ ನೋಡಿ. ಎಂಟೂವರೆಯಿಂದ ಒಂಬತ್ತು ಸೆಕೆಂಡ್ ಬಂದರೆ ಸರಿ. ಏಳಕ್ಕಿಂತ ಕಡಿಮೆ ಬಂದರೆ ಆ ಫೈಲ್ ಬೇಡ. ಸರಿ ಇರುವ ಫೈಲನ್ನು ಹೆಸರು ಬರೆದು ಇಟ್ಟುಕೊಳ್ಳಿ. ಕೊನೆಯ ವಾರದ ಪರೀಕ್ಷೆಗೂ ಅದೇ ಬೇಕು.

ಪಾಠದ ಫಲ ಕಂಡದ್ದೂ ಬೀಪ್ ಓಟದಲ್ಲೇ. ಒಬ್ಬ ಹುಡುಗಿ 600 ಮೀಟರನ್ನು ಮೊದಲು 2 ನಿಮಿಷ 50 ಸೆಕೆಂಡಿಗೆ, ಕೊನೆಗೆ 2 ನಿಮಿಷ 46 ಸೆಕೆಂಡಿಗೆ ಓಡಿದಳು. ಈ ನಾಲ್ಕು ಸೆಕೆಂಡಿನಿಂದ ಏನು ಹೇಳುವುದು? ಬೀಪ್ ಓಟದಲ್ಲಿ ಅವಳ ಎಣಿಕೆ 18ರಿಂದ 27ಕ್ಕೆ ಏರಿತ್ತು. ಅದನ್ನು ಅವಳೇ ತನ್ನ ಕಾರ್ಡಿನಲ್ಲಿ ಬರೆದುಕೊಂಡಳು. ಒಂದು ಮಾತು: ಮೊದಲ ಪರೀಕ್ಷೆಗೆ ಮುಂಚೆ ಒಂದು ಅಭ್ಯಾಸ ಓಟ ಬೇಕೇ ಬೇಕು. ಇಲ್ಲದಿದ್ದರೆ ಆಟದ ನಿಯಮ ಅರ್ಥವಾದದ್ದೇ ಸುಧಾರಣೆಯಂತೆ ಕಾಣುತ್ತದೆ.

ಹೊಟ್ಟೆಯ ಶಕ್ತಿ ಅಳೆಯಲು ಅಂಗಾತ ಮಲಗಿ ತಲೆ, ಭುಜ ಎತ್ತುವ ಕರ್ಲ್-ಅಪ್ ಇದೆ. 30 ಸೆಕೆಂಡಿನಲ್ಲಿ ಆದಷ್ಟು ಮಾಡಿಸುವ ಬದಲು ಮೂರು ಸೆಕೆಂಡಿಗೊಂದು ತಾಳದ ಕರ್ಲ್-ಅಪ್ ನನಗಿಷ್ಟ. ಅವಸರಕ್ಕೆ ಕುತ್ತಿಗೆ ಎಳೆಯುವುದು ಕಡಿಮೆ.

ಬಾಗುವಿಕೆಗೆ ಮರದ ಪೆಟ್ಟಿಗೆ ಇರುವ ಸಿಟ್ ಅಂಡ್ ರೀಚ್ ಸಾಕು, ಕಾಲು ಚಾಚಿ ಕೂತು ಪಾದವನ್ನು ಪೆಟ್ಟಿಗೆಗೆ ಒತ್ತಿ ಕೈಯನ್ನು ಮುಂದಕ್ಕೆ ಚಾಚುವ ಪರೀಕ್ಷೆ ಅದು. ಬಡಗಿಯಿಂದ 30 ಸೆಂ.ಮೀ. ಎತ್ತರಕ್ಕೆ ಮಾಡಿಸಿ, ಮೇಲೆ ಸ್ಕೇಲ್ ಅಂಟಿಸಿದೆವು. ಒಂದು ಕಾಲು ಮಡಿಸಿ, ಒಂದೊಂದೇ ಕಾಲಿಗೆ ಅಳೆದರೆ ಎಡ ಬಲದ ವ್ಯತ್ಯಾಸವೂ ಗೊತ್ತಾಗುತ್ತದೆ. ಶೂ ಬಿಚ್ಚಿಸಿ, ಚಾಚಿದ ಕಾಲಿನ ಮಂಡಿ ಏಳದಂತೆ ಒಬ್ಬರು ಕೈ ಇಟ್ಟಿರಬೇಕು.

ಖರ್ಚು ಅಂದರೆ ಟೇಪು, ಸುಣ್ಣದ ಪುಡಿ, ಪೆಟ್ಟಿಗೆ. ಸ್ಪೀಕರ್ ಪ್ರಾರ್ಥನೆಗೆ ಇಟ್ಟದ್ದೇ ಆಗುತ್ತದೆ. ಸ್ಪೀಕರ್ ಇಲ್ಲದ, ಆದರೆ 200 ಮೀಟರ್ ಟ್ರ್ಯಾಕ್ ಇರುವ ಶಾಲೆಗೆ 600 ಮೀಟರೇ ಸಲೀಸು. ಖೇಲೋ ಇಂಡಿಯಾ ದಾಖಲೆಗೆ ಹೇಗೂ ಅದು ಬೇಕು, ಆ ಒಂದು ದಿನ ನಾನೂ ಓಡಿಸುತ್ತೇನೆ. ಎಂಟು ವಾರದ ಪಾಠ ಮಾತ್ರ ಬೀಪ್ ಮೇಲೇ ನಡೆಯುತ್ತದೆ.