ಊಹಿಸಿ ಬರೆದ ತಪ್ಪು ಆಯ್ಕೆ, ಮಕ್ಕಳಿಂದ ಹೆಕ್ಕಿದ ತಪ್ಪು ಆಯ್ಕೆ

ಚಿಕ್ಕಮಗಳೂರಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ನಾನು, ಬಹು ಆಯ್ಕೆ ಪ್ರಶ್ನೆಗೆ ತಪ್ಪು ಉತ್ತರಗಳನ್ನು ಹೊಂದಿಸುವ ಎರಡು ಬಗೆಗಳನ್ನು ಎಂಟನೆಯ ತರಗತಿಯ ಎರಡು ವಿಭಾಗಗಳಲ್ಲಿ ಒಂದೇ ಲೆಕ್ಕದ ಮೂಲಕ ಪರೀಕ್ಷಿಸಿದೆ. ಮೂಟೆಗೆ 20,000 ರೂಪಾಯಿ ಇದ್ದ ಕಾಫಿಯ ಬೆಲೆ ಶೇ. 20ರಷ್ಟು ಇಳಿದು, ಬಳಿಕ ಶೇ. 20ರಷ್ಟು ಏರಿದರೆ ಈಗಿನ ಬೆಲೆ ಎಷ್ಟು ಎಂಬುದು ಪ್ರಶ್ನೆ. ಸರಿಯುತ್ತರ 19,200.

‘ಎ’ ವಿಭಾಗಕ್ಕೆ 18,700, 19,600, 21,400 ಎಂದು ತೋಚಿದ ಸಂಖ್ಯೆಗಳನ್ನು ಇಟ್ಟೆ. ಹೆಚ್ಚುಕಡಿಮೆ ಎಲ್ಲರೂ ಸರಿಯಾಗಿ ಬರೆದರು. ಆದರೆ ಹಾಳೆಯಂಚಿನ ಕಚ್ಚಾ ಲೆಕ್ಕ ನೋಡಿದಾಗ ನನ್ನ ಸಂತೋಷ ಇಳಿಯಿತು: ಹಲವರು ಮೊದಲು 20,000 ಎಂದೇ ಬರೆದು, ಆಯ್ಕೆಗಳಲ್ಲಿ ಅದು ಕಾಣದ್ದರಿಂದ ಹೊಡೆದುಹಾಕಿ ಮತ್ತೆ ಲೆಕ್ಕ ಮಾಡಿದ್ದರು. ಅವರ ತಪ್ಪನ್ನು ನನ್ನ ಆಯ್ಕೆಗಳೇ ಅವರಿಗೆ ಹೇಳಿಕೊಟ್ಟಿದ್ದವು.

‘ಬಿ’ ವಿಭಾಗಕ್ಕಾಗಿ ಇದೇ ಲೆಕ್ಕವನ್ನು ಮೊದಲು ಒಂಬತ್ತನೆಯವರಿಗೆ ಆಯ್ಕೆಗಳಿಲ್ಲದೆ ಕೊಟ್ಟು, ಅವರು ಮಾಡಿದ ತಪ್ಪುಗಳನ್ನೇ ಹೆಕ್ಕಿದೆ. ಇಳಿಕೆಗೂ ಏರಿಕೆಗೂ ಸರಿಹೋಯಿತೆಂದವರದು 20,000. ಅರ್ಧಕ್ಕೇ ನಿಲ್ಲಿಸಿದವರದು 16,000. ಎರಡು ಇಪ್ಪತ್ತನ್ನೂ ಕೂಡಿಸಿ ಶೇ. 40 ಕಳೆದವರದು 12,000. ಈ ಬಾರಿ ಯಾರು ಎಲ್ಲಿ ಎಡವಿದರೆಂಬುದು ಗುರುತು ಹಾಕಿದ ಉತ್ತರದಿಂದಲೇ ತಿಳಿಯಿತು. ಆದರೂ ಎರಡು ದೋಷಗಳು ಉಳಿದಿದ್ದವು. ಮೂರು ಆಯ್ಕೆಗಳು ಸಾವಿರದಲ್ಲಿ ಮುಗಿಯುವಾಗ 19,200 ಒಂದೇ ಬೇರೆಯಾಗಿ ಕಾಣುತ್ತಿತ್ತು. ಲೆಕ್ಕವನ್ನೇ ಮಾಡದ ಒಬ್ಬ ಹುಡುಗ ಅದನ್ನು ಗುರುತಿಸಿ ಅಂಕ ಪಡೆದ. ಆದ್ದರಿಂದ 12,000ವನ್ನು ತೆಗೆದು, ಎರಡನೆಯ ಸಲವೂ ಕಳೆದವರ ಉತ್ತರವಾದ 12,800 ಸೇರಿಸಿ, ನಾಲ್ಕನ್ನೂ ಏರಿಕೆಯ ಕ್ರಮದಲ್ಲಿ ಇಟ್ಟೆ.

ಇನ್ನೊಂದು ದೋಷ ಹೆಚ್ಚು ಗಂಭೀರವಾದದ್ದು. ಒಟ್ಟು ಅಂಕದಲ್ಲಿ ಮುಂದಿದ್ದವರ ಮತ್ತು ಹಿಂದಿದ್ದವರ ಹಾಳೆಗಳನ್ನು ಬೇರೆ ಬೇರೆ ಕಟ್ಟಿ ನೋಡಿದಾಗ, 20,000ವನ್ನು ಆರಿಸಿದವರಲ್ಲಿ ಮುಂದಿನವರೇ ಹೆಚ್ಚಿದ್ದರು. ತಪ್ಪು ಆಯ್ಕೆ ಹಾಗೆ ಜಾಣರನ್ನೇ ಸೆಳೆದರೆ ಪ್ರಶ್ನೆಯ ವಾಕ್ಯವನ್ನು ಶಂಕಿಸಬೇಕು. ಕಾರಣ ಕೇಳಿದಾಗ ಒಬ್ಬ ಹುಡುಗಿ, “ಏರಿದ್ದು ಯಾವ ಬೆಲೆ ಮೇಲೆ ಅಂತ ನೀವು ಬರೆದೇ ಇಲ್ವಲ್ಲ ಸರ್” ಎಂದಳು. ಮೊದಲ ಬೆಲೆಯ ಶೇ. 20 ಎಂದು ಓದಿದರೆ 16,000ಕ್ಕೆ 4,000 ಸೇರಿ ಅವಳ ಉತ್ತರವೇ ಸರಿಯಾಗುತ್ತಿತ್ತು, ಅಂಕ ಕೊಟ್ಟೆ. ‘ಹಾಗೆ ಇಳಿದ ಬೆಲೆಯ ಮೇಲೆ ಶೇ. 20 ಏರಿದರೆ’ ಎಂದು ತಿದ್ದಿದ ಮೇಲೆ 20,000 ಅವಸರದವರನ್ನು ಈಗಲೂ ಸೆಳೆಯುತ್ತದೆ, ಆದರೆ ಗಮನವಿಟ್ಟು ಓದುವವರಿಗೆ ‘ಇಳಿದ ಬೆಲೆಯ ಮೇಲೆ’ ಎಂಬ ಮಾತೇ ಅದನ್ನು ತಳ್ಳಿಹಾಕುತ್ತದೆ.

ಶೇಕಡ, ಭಿನ್ನರಾಶಿಗಳಂಥ ಹಲವು ಹಂತಗಳ ಲೆಕ್ಕಕ್ಕೆ ಒಂದು ಪೀರಿಯಡ್ ಹೋದರೂ ನಾನು ಎರಡನೆಯ ಬಗೆಯನ್ನೇ ಹಿಡಿಯುತ್ತೇನೆ. ಆದರೆ 51, 57, 91, 97ರಲ್ಲಿ ಅವಿಭಾಜ್ಯ ಸಂಖ್ಯೆ ಯಾವುದೆಂದು ಕೇಳುವಾಗ ಆ ಶ್ರಮ ಬೇಡ. 91ನ್ನು ಏಳರಿಂದ ಭಾಗಿಸಿ ನೋಡದೆ ಬಿಡುವವರನ್ನು ನಾನು ಪ್ರತಿವರ್ಷವೂ ಕಾಣುತ್ತಿದ್ದೇನೆ.