ಪಾಠದ ರೆಕಾರ್ಡಿಂಗ್‌ನಿಂದ ನೋಟ್ಸ್: ಮೂರು ದಾರಿಗಳ ಹೋಲಿಕೆ

ಅರ್ಥಶಾಸ್ತ್ರದ ಐವತ್ತು ನಿಮಿಷದ ಒಂದು ರೆಕಾರ್ಡಿಂಗ್. ವಿಷಯ, ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದು. ಪರೀಕ್ಷೆಯ ಹಿಂದಿನ ದಿನ ಓದಲು ಇದರಿಂದ ಒಂದೂವರೆ ಪುಟದ ನೋಟ್ಸ್ ಬೇಕು: ವ್ಯಾಖ್ಯೆ, ಉದಾಹರಣೆ, ಕೇಳಬಹುದಾದ ಅಂಶ. ಇದೇ ಪಾಠಕ್ಕೆ ಮೂರು ವಿಧಾನಗಳನ್ನು ಹಚ್ಚಿ ನೋಡಿದೆ.

ಮೊದಲನೆಯದು ನಿಲ್ಲಿಸಿ ನಿಲ್ಲಿಸಿ ಕೇಳುತ್ತಾ ಬರೆಯುವುದು. ಏನೂ ತಪ್ಪಿಹೋಗುವುದಿಲ್ಲ ಎಂಬ ಧೈರ್ಯ ಇದರಲ್ಲಿದೆ. ಆದರೆ ಎರಡು ಗಂಟೆಗೂ ಮೀರಿ ಸಮಯ ಹಿಡಿಯಿತು, ಪುಟಗಳು ಏಳಾದವು. ಕೇಳುವಾಗ ಎಲ್ಲ ವಾಕ್ಯವೂ ಮುಖ್ಯವೆನಿಸುವುದರಿಂದ ಮೇಷ್ಟ್ರು ಒಂದೇ ಮಾತನ್ನು ಮೂರು ಥರ ಹೇಳಿದ್ದು ಮೂರು ಸಲವೂ ಪುಟದ ಮೇಲೆ ಬಂತು. ಪಾಠದ ಕೊನೆಯಲ್ಲಿ ಎಲ್ಲಿಗೆ ತಲುಪುತ್ತಾರೆಂದು ಗೊತ್ತಿಲ್ಲದೆ ಯಾವುದನ್ನು ಬಿಡಬೇಕೆಂದು ಹೇಗೆ ತೀರ್ಮಾನಿಸುವುದು?

ಎರಡನೆಯದು ಮಾತನ್ನು ತಾನಾಗಿಯೇ ಬರಹಕ್ಕೆ ಇಳಿಸುವ ಸೌಲಭ್ಯದಿಂದ ಪೂರ್ತಿ ಪಠ್ಯ ಪಡೆದು, ಅದನ್ನು ಕತ್ತರಿಸುವುದು. ವ್ಯಾಖ್ಯೆಗೆ ಇದೇ ಉತ್ತಮ. ಮೇಷ್ಟ್ರ ಮಾತು ಪದಕ್ಕೆ ಪದ ಸಿಗುತ್ತದೆ, ಹುಡುಕುವುದೂ ಸುಲಭ. ತೊಡಕು ಬೇರೆ ಕಡೆ ಇದೆ. ‘ಇಲ್ಲಿಂದ ಇಲ್ಲಿಗೆ ಬಂದಾಗ ಏನಾಯ್ತು ನೋಡಿ’ ಎಂಬ ವಾಕ್ಯ ಪಠ್ಯದಲ್ಲಿದೆ, ಬೋರ್ಡಿನ ಮೇಲಿದ್ದ ಅಂಕಿಗಳಿಲ್ಲ. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಒಂದು ಕಡೆ ‘ಇನ್‌ಎಲಾಸ್ಟಿಕ್’ ಎಂದದ್ದು ‘ಆ್ಯನ್ ಎಲಾಸ್ಟಿಕ್’ ಎಂದು ಬಿದ್ದಿತ್ತು. ಬೆಲೆ ಬದಲಾದಷ್ಟು ಪ್ರಮಾಣದಲ್ಲಿ ಬೇಡಿಕೆ ಬದಲಾಗದಿದ್ದರೆ ಇನ್‌ಎಲಾಸ್ಟಿಕ್, ಅದಕ್ಕಿಂತ ಹೆಚ್ಚು ಬದಲಾದರೆ ಎಲಾಸ್ಟಿಕ್. ವಾಕ್ಯ ಸರಾಗವಾಗಿಯೇ ಓದಿಸಿಕೊಳ್ಳುತ್ತದೆ, ಅರ್ಥ ಮಾತ್ರ ತಲೆಕೆಳಗಾಗಿರುತ್ತದೆ. ಇಂಥದ್ದನ್ನು ಹಿಡಿಯಲು ಓದಿದರೆ ಸಾಲದು, ಉದಾಹರಣೆಯನ್ನು ಲೆಕ್ಕ ಹಾಕಿ ನೋಡಬೇಕು. ಬೆಲೆ 10ರಿಂದ 12ಕ್ಕೆ ಏರಿದಾಗ ಬೇಡಿಕೆ 100ರಿಂದ 90ಕ್ಕೆ ಇಳಿಯಿತು. ಮಾರಾಟದ ಒಟ್ಟು ಆದಾಯ 1000 ಇದ್ದದ್ದು 1080 ಆಯಿತು. ಬೆಲೆ ಏರಿದಾಗ ಆದಾಯವೂ ಏರಿದರೆ ಆ ಬೇಡಿಕೆ ಇನ್‌ಎಲಾಸ್ಟಿಕ್ ಆಗಿರಲೇಬೇಕು. ಹಾಗಾಗಿ ಪಠ್ಯದ್ದೇ ತಪ್ಪು.

ಮೂರನೆಯ ವಿಧಾನವೇ ಈಗ ನನ್ನದು. ಮೊದಲು ಪಾಠವನ್ನು ಸ್ವಲ್ಪ ವೇಗ ಹೆಚ್ಚಿಸಿ, ಎಲ್ಲೂ ನಿಲ್ಲಿಸದೆ ಕೇಳುವುದು. ಕೈಯಲ್ಲಿ ಪೆನ್ನಿದ್ದರೂ ವಾಕ್ಯ ಬರೆಯುವಂತಿಲ್ಲ. ನಿಮಿಷದ ಅಂಕಿ, ಅದರ ಪಕ್ಕ ಒಂದು ಅಕ್ಷರ, ಅಷ್ಟೇ. ವ್ಯಾಖ್ಯೆಗೆ ‘ವ’, ಉದಾಹರಣೆಗೆ ‘ಉ’, ಪರೀಕ್ಷೆಯ ಸುಳಿವಿಗೆ ‘ಪ’. ಮುಗಿದ ಮೇಲೆ ರೆಕಾರ್ಡಿಂಗ್ ಮುಚ್ಚಿ, ನೆನಪಿನಲ್ಲಿ ಉಳಿದದ್ದನ್ನು ಖಾಲಿ ಹಾಳೆಯಲ್ಲಿ ಬರೆಯುವುದು. ಆಮೇಲೆ ಗುರುತು ಹಾಕಿದ ನಿಮಿಷಗಳಿಗೆ ಮಾತ್ರ ಹಿಂತಿರುಗಿ ತಿದ್ದುವುದು. ನೆನಪಿನಿಂದ ಬರೆಯುವ ಈ ಹಂತವನ್ನು ಬಿಡಬೇಡಿ. ಹಾಳೆಯಲ್ಲಿ ಖಾಲಿ ಉಳಿದ ಜಾಗವೇ ಇನ್ನೂ ಅರ್ಥವಾಗದ ಭಾಗ, ನೋಟ್ಸ್‌ನಲ್ಲಿ ಹೆಚ್ಚು ಜಾಗ ಸಿಗಬೇಕಾದದ್ದೂ ಅದಕ್ಕೇ.

ಹೀಗೆ ಬಂದ ನೋಟ್ಸ್‌ನ ಒಂದು ತುಣುಕು:

ವ: ಬೇಡಿಕೆಯ ಪ್ರಮಾಣದಲ್ಲಾದ ಶೇಕಡಾವಾರು ಬದಲಾವಣೆಯನ್ನು ಬೆಲೆಯ ಶೇಕಡಾವಾರು ಬದಲಾವಣೆಯಿಂದ ಭಾಗಿಸಿದಾಗ ಬರುವ ಸಂಖ್ಯೆ. (ಚಿಹ್ನೆ ಋಣ, ಸಾಮಾನ್ಯವಾಗಿ ಬಿಟ್ಟು ಹೇಳುತ್ತಾರೆ.)

ಉ: ಬೆಲೆ 10→12, ಅಂದರೆ 20% ಏರಿಕೆ. ಬೇಡಿಕೆ 100→90, ಅಂದರೆ 10% ಇಳಿಕೆ. 10 ÷ 20 = 0.5. ಒಂದಕ್ಕಿಂತ ಕಡಿಮೆ, ಇನ್‌ಎಲಾಸ್ಟಿಕ್.

ಪ: ಇದೇ ಲೆಕ್ಕವನ್ನು 12ರಿಂದ 10ಕ್ಕೆ ಮಾಡಿದರೆ 0.67 ಬರುತ್ತದೆ. ಏಕೆ? ಶೇಕಡಾ ತೆಗೆಯುವ ಆಧಾರ ಬದಲಾಯಿತು. ಸರಾಸರಿಯನ್ನು ಆಧಾರವಾಗಿಟ್ಟರೆ ಎರಡೂ ಕಡೆಯಿಂದ 0.58.

ಕೊನೆಯ ಅಂಶ ಮೊದಲ ವಿಧಾನದ ಏಳು ಪುಟಗಳಲ್ಲೂ ಇತ್ತು, ಆದರೆ ಉಳಿದ ವಾಕ್ಯಗಳ ನಡುವೆ ಹೂತುಹೋಗಿತ್ತು. ನಿಲ್ಲಿಸದೆ ಕೇಳಿದಾಗ ಮಾತಿನ ಏರಿಳಿತ ಕಿವಿಗೆ ಬೀಳುತ್ತದೆ: ಇಲ್ಲಿ ಮೇಷ್ಟ್ರು ವೇಗ ತಗ್ಗಿಸಿ, ಪ್ರಶ್ನೆ ಕೇಳಿ, ಉತ್ತರಕ್ಕೆ ಕಾದು, ‘ಇಲ್ಲೇ ಎಲ್ಲರೂ ಎಡವುವುದು’ ಎಂದಿದ್ದರು. ಪಠ್ಯದಲ್ಲಿ ಆ ಕಾಯುವಿಕೆ ಕಾಣುವುದೇ ಇಲ್ಲ. ಆದರೂ ‘ಪ’ ಗುರುತನ್ನೇ ನೆಚ್ಚಿಕೊಳ್ಳಬಾರದು. ಹಳೆಯ ಪ್ರಶ್ನೆಪತ್ರಿಕೆಗಳ ಜೊತೆ ತಾಳೆ ನೋಡಬೇಕು. ಎರಡರಲ್ಲೂ ಇರುವುದಕ್ಕೆ ಎರಡು ಗೆರೆ ಎಳೆಯುತ್ತೇನೆ. ಸುಳಿವು ಸಿಕ್ಕಿಯೂ ಪತ್ರಿಕೆಗಳಲ್ಲಿ ಕಾಣದ್ದಕ್ಕೆ ಒಂದೇ ಗೆರೆ.

ಮೂರನೆಯ ವಿಧಾನ ಸೋಲುವ ಜಾಗವೂ ಇದೆ. ಗಣಿತದ ಸಾಧನೆಯಂಥ ಪಾಠದಲ್ಲಿ ಒಂದು ಹೆಜ್ಜೆ ಕೈತಪ್ಪಿದರೆ ಮುಂದಿನದೆಲ್ಲ ಬರಿಯ ಸದ್ದು. ಅಲ್ಲಿ ನಿಲ್ಲಿಸಿ ಬರೆಯುವ ಹಳೆಯ ದಾರಿಯೇ ಸರಿ. ಪ್ರತಿ ಹೆಜ್ಜೆಯ ಪಕ್ಕ ‘ಏಕೆ’ ಎಂಬುದಕ್ಕೆ ಒಂದು ಸಾಲು ಸೇರಿಸಿದರೆ ಸಾಕು. ಬರಹಕ್ಕಿಳಿಸಿದ ಪಠ್ಯವನ್ನು ನಾನು ಈಗ ವ್ಯಾಖ್ಯೆಯ ಪದಗಳನ್ನು ಸರಿನೋಡಲು ಮಾತ್ರ ತೆರೆಯುತ್ತೇನೆ.