ಮದುವೆ ಊಟಕ್ಕೆ ‘ಎಲೆಗೆ ಇಷ್ಟು’ ಅಂತ ಒಂದೇ ರೇಟು ಬರೆದುಕೊಟ್ಟರೆ ಅಡ್ವಾನ್ಸ್ ಕೊಡಬೇಡಿ

ತುಮಕೂರಿನಲ್ಲಿ ನನ್ನ ತಂಗಿಯ ಮದುವೆ ಊಟಕ್ಕೆ 800 ಎಲೆ ಅಂತ ಮಾತಾಗಿತ್ತು. ಎಲೆಗೆ 320 ರೂಪಾಯಿ, ಒಟ್ಟು 2,56,000. ಅಪ್ಪ ಚೌಕಾಸಿ ಮಾಡಿದಾಗ ಅಡುಗೆ ಕಾಂಟ್ರಾಕ್ಟರೇ ಲೆಕ್ಕ ಬಿಡಿಸಿದರು. "ದಿನಸಿ, ತರಕಾರಿ, ಹಾಲು ಮೊಸರು, ಎಲೆ ಎಲ್ಲ ಸೇರಿ ಒಬ್ಬರಿಗೆ 220 ಹೋಗುತ್ತೆ ಸ್ವಾಮಿ. ಭಟ್ಟರು, ಬಡಿಸೋ ಹುಡುಗರು, ಪಾತ್ರೆ ಬಾಡಿಗೆ, ಟೆಂಪೋ ಅಂತ 80 ಸಾವಿರ ಬೇರೆ." ಚೀಟಿಯಲ್ಲಿ ಬರೆದದ್ದು ಮಾತ್ರ ಬರೀ 320.

ಇನ್ನೂ ಎರಡು ವಾರ ಇರುವಾಗ ಗಂಡಿನ ಕಡೆಯವರು ಆರತಕ್ಷತೆಯನ್ನು ತಮ್ಮೂರಲ್ಲೇ ಇಟ್ಟುಕೊಂಡರು. ನಮಗೆ 500 ಎಲೆ ಸಾಕಾಯಿತು. ತಕ್ಷಣ ತಿಳಿಸಿದೆವು. "ಹಾಗಾದರೆ ಎಲೆಗೆ 450" ಅಂದುಬಿಟ್ಟರು!

ಜನ ಕಡಿಮೆಯಾದರೆ ರೇಟು ಏರುವುದು ನ್ಯಾಯವೇ. ನಮ್ಮ ಛತ್ರದಲ್ಲಿ ಒಂದು ಪಂಕ್ತಿಗೆ 200 ಜನ ಕೂರುತ್ತಾರೆ. 800 ಜನ ಬಂದರೆ ನಾಲ್ಕು ಪಂಕ್ತಿ, 500 ಆದರೆ ಮೂರು, ಆದರೆ ಪಂಕ್ತಿಗೆ ಬಡಿಸಲು ಬೇಕಾದ ಹುಡುಗರು ಅಷ್ಟೇ, ಒಲೆ ಮುಂದೆ ನಿಲ್ಲುವ ಭಟ್ಟರೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಆ 80 ಸಾವಿರ ಇಳಿಯಲ್ಲ, ಒಪ್ಪೋಣ. ಅದನ್ನು 500 ಜನಕ್ಕೆ ಹಂಚಿದರೆ ತಲೆಗೆ 160. ಸಾಮಾನಿನ 220 ಸೇರಿಸಿದರೆ 380. ಒಟ್ಟು 1,90,000 ಆಗಬೇಕಿತ್ತು, ಅವರು ಹಿಡಿದದ್ದು 2,25,000. ಅಂದರೆ 35 ಸಾವಿರ ಸುಮ್ನೆ ಹೋಯಿತು. ಮುಹೂರ್ತ ಹತ್ತಿರ ಬಂದಿತ್ತು, ಅಡ್ವಾನ್ಸ್ ಅವರ ಕೈಯಲ್ಲಿತ್ತು, ಬೇರೆಯವರನ್ನು ಹುಡುಕುವ ಹಾಗಿರಲಿಲ್ಲ.

ಮದುವೆ ದಿನ 60 ಎಲೆ ಜಾಸ್ತಿ ಬಿತ್ತು. ಅದಕ್ಕೂ 450ರಂತೆ 27 ಸಾವಿರ ಬಿಲ್ ಮಾಡಿದರು. ಭಟ್ಟರ ಕೂಲಿ, ಟೆಂಪೋ ಬಾಡಿಗೆ ಎಲ್ಲ ಮೊದಲ 500ರಲ್ಲೇ ಬಂದುಹೋಗಿತ್ತಲ್ವಾ? ಹೆಚ್ಚುವರಿ ಎಲೆಗೆ ಬೀಳುವುದು ಸಾಮಾನಿನ ಖರ್ಚು, ಅಂದರೆ 13,200. ಅವಸರದಲ್ಲಿ ಅನ್ನ ಸಾರು ಹೆಚ್ಚಿಸಿದ್ದಕ್ಕೆ ಸ್ವಲ್ಪ ಮೇಲೆ ಕೇಳಲಿ, ಕೊಡೋಣ. ದುಪ್ಪಟ್ಟು ಯಾಕೆ?

ಅದಕ್ಕೇ, ರೇಟು ಕೇಳುವಾಗ ಒಂದು ಸಂಖ್ಯೆಗೆ ಕೇಳಬೇಡಿ. 500ಕ್ಕೆ ಎಷ್ಟು, 800ಕ್ಕೆ ಎಷ್ಟು, 1000ಕ್ಕೆ ಎಷ್ಟು ಅಂತ ಮೂರಕ್ಕೂ ಒಂದೇ ಮೆನುವಿಗೆ ಬರೆಸಿಕೊಳ್ಳಿ. 500ಕ್ಕೆ 380, 800ಕ್ಕೆ 320 ಅಂದರು ಅಂದುಕೊಳ್ಳಿ. ಒಟ್ಟು ಮೊತ್ತಗಳ ವ್ಯತ್ಯಾಸ 66 ಸಾವಿರ. ಅದನ್ನು 300 ಎಲೆಗೆ ಭಾಗಿಸಿದರೆ 220, ಅದೇ ಸಾಮಾನಿನ ಖರ್ಚು. ಈ ಲೆಕ್ಕದಲ್ಲಿ 1000ಕ್ಕೆ 300 ಬರಬೇಕು. ಅಲ್ಲೂ 320 ಅಂದರೆ ಯಾಕೆ ಅಂತ ಕೇಳಿ. ಎರಡನೇ ಊಟದ ಹಾಲ್ ತೆರೆಯಬೇಕು, ಹುಡುಗರು ಜಾಸ್ತಿ ಬೇಕು ಅಂದರೆ ಅದು ಸರಿಯಾದ ಕಾರಣ.

ಹೆಚ್ಚುವರಿ ಎಲೆಯ ರೇಟು, ಸಂಖ್ಯೆ ಬದಲಿಸಲು ಕೊನೆಯ ದಿನಾಂಕ, ಇವೆರಡೂ ಅದೇ ಚೀಟಿಯಲ್ಲಿರಲಿ. ತರಕಾರಿ ಖರೀದಿ ಆದಮೇಲೆ ಕಡಿಮೆ ಮಾಡಿ ಅಂದರೆ ಯಾವ ಕಾಂಟ್ರಾಕ್ಟರೂ ಒಪ್ಪಲ್ಲ, ಒಪ್ಪಬೇಕಾಗಿಯೂ ಇಲ್ಲ.